ಪ್ರಶ್ನೆಪತ್ರಿಕೆ ಸೋರಿ ಪರೀಕ್ಷೆ ರದ್ದಾದರೆ: ಹಳೆಯ ಅಂಕ ಏನಾಗುತ್ತದೆ, ಹೊಸ ದಿನಾಂಕ ಯಾವಾಗ, ಫಲಿತಾಂಶ ಎಂದು?

ಪರೀಕ್ಷೆ ರದ್ದಾದ ಸುದ್ದಿ ಬಂದ ಮರುದಿನ ಹಾಸನದ ಸೈಬರ್ ಸೆಂಟರ್‌ಗಳ ಮುಂದೆ ನಿಂತರೆ ಒಂದೇ ಬಗೆಯ ತಪ್ಪುಗಳು ಕಾಣುತ್ತವೆ. ಒಬ್ಬರು ಹೊಸ ಅರ್ಜಿ ಹಾಕಲು ದುಡ್ಡು ಹಿಡಿದು ಬಂದಿರುತ್ತಾರೆ, ಅದರ ಅಗತ್ಯವೇ ಇರುವುದಿಲ್ಲ. ಇನ್ನೊಬ್ಬರು ಬರೆದ ಪೇಪರಿನ ಕೀ ಉತ್ತರ ಹುಡುಕುತ್ತಿರುತ್ತಾರೆ, ಅದು ಎಂದೂ ಬರುವುದಿಲ್ಲ. ಮೂರನೆಯವರು ಎರಡು ತಿಂಗಳ ನಂತರ ಹಳೆಯ ಹಾಲ್ ಟಿಕೆಟ್ ಹಿಡಿದು ಹಳೆಯ ಕೇಂದ್ರದ ಗೇಟಿಗೇ ಹೋಗುತ್ತಾರೆ.

ಕೆಲಸ ಕಷ್ಟದ್ದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿರಬೇಕು, ಅಷ್ಟೇ. ಇಲ್ಲಿ ಕಾಲೇಜು ಅಧ್ಯಾಪಕರಾಗಲು ಅರ್ಹತೆ ಕೊಡುವ ಯುಜಿಸಿ-ನೆಟ್‌ನ 2024ರ ಜೂನ್ ತಿಂಗಳ ಪರೀಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದುಕೊಂಡು ಹೋಗುತ್ತೇವೆ. ರದ್ದು, ಮರುಪರೀಕ್ಷೆ, ಕೋರ್ಟು, ಫಲಿತಾಂಶ ಎಲ್ಲವೂ ನಾಲ್ಕು ತಿಂಗಳೊಳಗೆ ನಡೆದುಹೋದ ಪ್ರಕರಣ ಅದು. ಪಿಯುಸಿ ಮತ್ತು ಪೊಲೀಸ್ ನೇಮಕಾತಿಯಲ್ಲಿ ಲೆಕ್ಕ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಅಲ್ಲಲ್ಲೇ ಹೇಳುತ್ತೇವೆ.

## ಮೊದಲು ಇಷ್ಟನ್ನು ಒಂದು ಕಡೆ ಇಡಿ

ಅರ್ಜಿ ಸಂಖ್ಯೆ, ಪಾಸ್‌ವರ್ಡ್, ಅರ್ಜಿಯಲ್ಲಿ ಕೊಟ್ಟ ಮೊಬೈಲ್ ನಂಬರ್ ಮತ್ತು ಇಮೇಲ್. ಅರ್ಜಿಯ ದೃಢೀಕರಣ ಪುಟ, ಶುಲ್ಕ ಕಟ್ಟಿದ ರಸೀದಿ, ಹಳೆಯ ಪ್ರವೇಶ ಪತ್ರ. ಮೂಲ ಅಧಿಸೂಚನೆಯ ಪಿಡಿಎಫ್. ಅರ್ಜಿಗೆ ಹಾಕಿದ್ದ ಅದೇ ಭಾವಚಿತ್ರದ ನಾಲ್ಕು ಪ್ರತಿ.

ಇವುಗಳಲ್ಲಿ ಹೆಚ್ಚು ಕೈಕೊಡುವುದು ಮೊಬೈಲ್ ನಂಬರ್ ಮತ್ತು ಇಮೇಲ್. ಅರ್ಜಿಯನ್ನು ಅಂಗಡಿಯವರು ತುಂಬಿದ್ದರೆ ಅವರದೇ ಇಮೇಲ್ ಹಾಕಿರುವುದುಂಟು. ಪಾಸ್‌ವರ್ಡ್ ಮರೆತಾಗ ಒಟಿಪಿ ಅವರಿಗೆ ಹೋಗುತ್ತದೆ. ರದ್ದಾದ ವಾರದಲ್ಲೇ ಒಮ್ಮೆ ಲಾಗಿನ್ ಆಗಿ ನೋಡಿ. ಪ್ರವೇಶ ಪತ್ರ ಬಿಡುವ ದಿನ ಎಲ್ಲರೂ ಒಟ್ಟಿಗೆ ಮುಗಿಬೀಳುವುದರಿಂದ ಆಗ ಇದನ್ನು ಸರಿಮಾಡಲು ಸಮಯ ಸಿಗುವುದಿಲ್ಲ.

ಹಳೆಯ ಪ್ರವೇಶ ಪತ್ರವನ್ನು ಹರಿದು ಹಾಕಬೇಡಿ. ಒಳಗೆ ಬಿಡುವುದು ಹೊಸದರಿಂದಲೇ ನಿಜ. ಆದರೆ ಮೊದಲ ಪರೀಕ್ಷೆ ಬರೆದವರಿಗೆ ಮಾತ್ರ ಮರುಪರೀಕ್ಷೆ ಎಂದು ಆದೇಶವಾದರೆ ಮತ್ತು ಹಾಜರಾತಿಯ ತಕರಾರು ಬಂದರೆ, ಮೇಲ್ವಿಚಾರಕರ ಸಹಿಯಿರುವ ಆ ಹಾಳೆಯೇ ನಿಮ್ಮ ಪುರಾವೆ.

## ಹಂತ 1: ಆದೇಶದಲ್ಲಿ ಯಾವ ಪದವಿದೆ ನೋಡಿ

ವಾಟ್ಸಾಪಿನಲ್ಲಿ ಎಲ್ಲವೂ "ಎಕ್ಸಾಮ್ ಕ್ಯಾನ್ಸಲ್" ಆಗಿಯೇ ಬರುತ್ತದೆ. ಆದೇಶದಲ್ಲಿ ಮಾತ್ರ ನಾಲ್ಕು ಬೇರೆ ಬೇರೆ ಸಂಗತಿಗಳಿರಬಹುದು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಮೊದಲನೆಯದು ಮುಂದೂಡಿಕೆ. ಪರೀಕ್ಷೆ ನಡೆಯುವ ಮುಂಚೆಯೇ ಸೋರಿಕೆ ಸಿಕ್ಕಿಬಿದ್ದಿರುತ್ತದೆ. ಕೆಪಿಎಸ್‌ಸಿಯ ಎಫ್‌ಡಿಎ ಪರೀಕ್ಷೆ 2021ರ ಜನವರಿ 24ಕ್ಕೆ ಇತ್ತು. ಹಿಂದಿನ ದಿನ ಸೋರಿಕೆ ಗೊತ್ತಾಯಿತು, ಪರೀಕ್ಷೆ ಫೆಬ್ರವರಿ 28ಕ್ಕೆ ಹೋಯಿತು. ಯಾರೂ ಏನೂ ಬರೆದಿರುವುದಿಲ್ಲವಾದ್ದರಿಂದ ಅಂಕದ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯದು, ಬರೆದ ಮೇಲೆ ಇಡೀ ಪರೀಕ್ಷೆ ರದ್ದು. ನಮ್ಮ ಯುಜಿಸಿ-ನೆಟ್ ಇದೇ ಜಾತಿಯದು. ಜೂನ್ 18ರಂದು ಎರಡು ಪಾಳಿಯಲ್ಲಿ ದೇಶದಾದ್ಯಂತ 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. 19ರ ರಾತ್ರಿ ಶಿಕ್ಷಣ ಸಚಿವಾಲಯ ರದ್ದುಮಾಡಿ ತನಿಖೆಯನ್ನು ಸಿಬಿಐಗೆ ಕೊಟ್ಟಿತು.

ಮೂರನೆಯದು, ಒಂದು ವಿಷಯ ಮಾತ್ರ ರದ್ದು. 2016ರ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಹೀಗೆಯೇ ಆಯಿತು. 

ನಾಲ್ಕನೆಯದು, ಕೆಲವರಿಗಷ್ಟೇ ಮರುಪರೀಕ್ಷೆ. 2024ರ ನೀಟ್‌ನಲ್ಲಿ ಸೋರಿಕೆಯ ಗಲಾಟೆ ಎದ್ದಿದ್ದರೂ ಇಡೀ ಪರೀಕ್ಷೆ ರದ್ದಾಗಲಿಲ್ಲ. ಸಮಯ ನಷ್ಟಕ್ಕೆ ಕೃಪಾಂಕ ಪಡೆದಿದ್ದ 1,563 ಮಂದಿಗೆ ಮಾತ್ರ ಜೂನ್ 23ರಂದು ಮತ್ತೆ ಬರೆಯುವ ಅವಕಾಶ ಸಿಕ್ಕಿತು. ಆ ಪಟ್ಟಿಯಲ್ಲಿಲ್ಲದವರೂ ತಮಗೆ ಮರುಪರೀಕ್ಷೆ ಬರುತ್ತದೆಂದು ವಾರಗಟ್ಟಲೆ ಕಾದಿದ್ದರು.

ಇಡೀ ಪರೀಕ್ಷೆ ಯಾವಾಗ ರದ್ದಾಗುತ್ತದೆ, ಯಾವಾಗ ಆಗುವುದಿಲ್ಲ? ಸುಪ್ರೀಂ ಕೋರ್ಟ್ ಹಿಡಿದಿರುವ ಅಳತೆಗೋಲು ಹೆಚ್ಚುಕಡಿಮೆ ಒಂದೇ: ಅಕ್ರಮ ಇಡೀ ವ್ಯವಸ್ಥೆಗೆ ಹಬ್ಬಿದೆಯೇ, ತಪ್ಪು ಮಾಡಿದವರನ್ನು ಮಾಡದವರಿಂದ ಬೇರ್ಪಡಿಸಲು ಆಗುತ್ತದೆಯೇ? ಬೇರ್ಪಡಿಸಬಹುದಾದರೆ ಅವರನ್ನಷ್ಟೇ ಹೊರಗಿಟ್ಟು ಉಳಿದವರ ಫಲಿತಾಂಶ ಉಳಿಸುತ್ತಾರೆ. ಆಗದಿದ್ದರೆ ಎಲ್ಲರದೂ ಹೋಗುತ್ತದೆ. 2024ರ ಜುಲೈ 23ರಂದು ನೀಟ್ ರದ್ದತಿಗೆ ಕೋರ್ಟ್ ಒಪ್ಪದಿದ್ದುದು ಇದೇ ಆಧಾರದ ಮೇಲೆ. ಹಾಗಾಗಿ "ಒಂದು ಊರಲ್ಲಿ ಪೇಪರ್ ಸಿಕ್ಕಿತಂತೆ" ಎಂಬ ಸುದ್ದಿ ಕೇಳಿದೊಡನೆ ಪರೀಕ್ಷೆ ರದ್ದಾಯಿತೆಂದು ಓದುವುದನ್ನು ಬಿಡಬೇಡಿ.

ಎಚ್ಚರಿಕೆ: ಪ್ರಕಟಣೆಯ ಚಿತ್ರವನ್ನು ನಂಬಬೇಡಿ, ಜಾಲತಾಣದಲ್ಲೇ ತೆರೆದು ಓದಿ. ನೆಟ್, ನೀಟ್ ನಡೆಸುವ ಎನ್‌ಟಿಎ ಸಂಸ್ಥೆಯ ಪರೀಕ್ಷೆಗಳಿಗೆ `nta.ac.in` ಮತ್ತು `ugcnet.nta.ac.in`, ಎಸ್ಸೆಸ್ಸೆಲ್ಸಿ–ಪಿಯುಸಿಗೆ `kseab.karnataka.gov.in`. ದಿನಾಂಕವಿಲ್ಲದ, ಸಹಿ ಮಾಡಿದವರ ಹುದ್ದೆಯಿಲ್ಲದ, "ಕೂಡಲೇ ಶುಲ್ಕ ಪಾವತಿಸಿ" ಎಂಬ ಕೊಂಡಿ ಇರುವ ಪ್ರಕಟಣೆ ಬಂದರೆ ಅದು ಖೋಟಾ ಎಂದೇ ತಿಳಿಯಿರಿ.

## ಹಂತ 2: ಬರೆದಿದ್ದರ ಲೆಕ್ಕ ಮುಗಿಸಿ

ಇಡೀ ಪರೀಕ್ಷೆ ರದ್ದಾಗಿದ್ದರೆ ನಿಮ್ಮ ಓಎಂಆರ್ ಹಾಳೆಗೆ ಬೆಲೆಯಿಲ್ಲ. ಮೌಲ್ಯಮಾಪನ ಆಗುವುದಿಲ್ಲ, ಕೀ ಉತ್ತರ ಪ್ರಕಟವಾಗುವುದಿಲ್ಲ, ಎರಡರಲ್ಲಿ ಹೆಚ್ಚಿನ ಅಂಕ ಉಳಿಸಿಕೊಳ್ಳುವ ಆಯ್ಕೆಯೂ ಇರುವುದಿಲ್ಲ. ಜೂನ್ 18ರ ಪೇಪರಿಗೆ ಕೋಚಿಂಗ್‌ನವರು ಹಾಕಿದ ಉತ್ತರಗಳನ್ನು ಇಟ್ಟುಕೊಂಡು ಅಂಕ ಎಣಿಸಿದವರ ಶ್ರಮ ನೀರಲ್ಲಿ ಹೋಮ ಮಾಡಿದಂತಾಯಿತು.

ಕೆಲವರಿಗಷ್ಟೇ ಮರುಪರೀಕ್ಷೆ ಎಂದಿದ್ದರೆ ಮಾತ್ರ ಆಯ್ಕೆ ಬರಬಹುದು. ನೀಟ್‌ನ ಆ 1,563 ಮಂದಿಗೆ ಎರಡು ದಾರಿಯಿತ್ತು: ಮತ್ತೆ ಬರೆಯುವುದು, ಇಲ್ಲವೇ ಕೃಪಾಂಕ ಬಿಟ್ಟುಕೊಟ್ಟು ಹಳೆಯ ನಿಜ ಅಂಕವನ್ನೇ ಇಟ್ಟುಕೊಳ್ಳುವುದು. 813 ಮಂದಿ ಮತ್ತೆ ಬರೆದರು. ಇಂಥ ಕಡೆ ಬರೆದ ಮೇಲೆ ಹಳೆಯದಕ್ಕೆ ಹಿಂತಿರುಗಲು ಆಗುವುದಿಲ್ಲ, ಆದ್ದರಿಂದ ತೀರ್ಮಾನ ಮೊದಲೇ ಆಗಬೇಕು.

ಪಿಯುಸಿಯಲ್ಲಿ ಒಂದು ವಿಷಯ ರದ್ದಾದರೆ ಉಳಿದ ಐದು ವಿಷಯಗಳ ಅಂಕಕ್ಕೆ ಧಕ್ಕೆಯಿಲ್ಲ. ರದ್ದಾದ ವಿಷಯದ ಪ್ರಾಯೋಗಿಕ ಅಂಕಗಳೂ ಹಾಗೇ ಇರುತ್ತವೆ. 2016ರಲ್ಲಿ ರಸಾಯನಶಾಸ್ತ್ರದ 70 ಅಂಕದ ಲಿಖಿತ ಪರೀಕ್ಷೆಯನ್ನಷ್ಟೇ ಮತ್ತೆ ನಡೆಸಿದರು, 30 ಅಂಕದ ಪ್ರಾಯೋಗಿಕವನ್ನು ಮುಟ್ಟಲಿಲ್ಲ. ಆದರೆ ಒಂದು ವಿಷಯಕ್ಕಾಗಿ ಇಡೀ ಅಂಕಪಟ್ಟಿ ಕಾಯುತ್ತದೆ. ಐದು ವಿಷಯದ ಫಲಿತಾಂಶ ಮೊದಲು, ಒಂದರದು ಆಮೇಲೆ ಎಂದು ಕೊಡುವುದಿಲ್ಲ. ಕಲಾ ಮತ್ತು ವಾಣಿಜ್ಯ ವಿಭಾಗದವರಿಗೂ ಅದೇ ದಿನವೇ ಫಲಿತಾಂಶ.

ಈಗಿನ ಪಿಯುಸಿ ಮಕ್ಕಳಲ್ಲಿ ಇನ್ನೊಂದು ಗೊಂದಲವಿದೆ. ಪರೀಕ್ಷೆ-1, ಪರೀಕ್ಷೆ-2 ಎಂದು ಇರುವುದರಿಂದ "ಮರುಪರೀಕ್ಷೆ ಬಿಟ್ಟು ಪರೀಕ್ಷೆ-2 ಬರೆದರಾಯಿತು" ಎಂದುಕೊಳ್ಳುತ್ತಾರೆ. ಅವೆರಡೂ ಬೇರೆ. ಪರೀಕ್ಷೆ-2 ಇರುವುದು ಒಂದರ ಫಲಿತಾಂಶ ಬಂದ ಮೇಲೆ, ಅಂಕ ಸುಧಾರಿಸಿಕೊಳ್ಳಲು. ಸೋರಿಕೆಯ ಮರುಪರೀಕ್ಷೆಯು ಅದೇ ಪರೀಕ್ಷೆಯ ಮುಂದುವರಿದ ಭಾಗ. ಅದಕ್ಕೆ ಹೋಗದಿದ್ದರೆ ಆ ವಿಷಯದಲ್ಲಿ ಗೈರುಹಾಜರಿ ಬೀಳುತ್ತದೆ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳೂ ಅರ್ಧಭಾಗ ಸೇರುವುದರಿಂದ ಇದು ಸಣ್ಣ ತಪ್ಪಲ್ಲ.

## ಹಂತ 3: ಮರುಪರೀಕ್ಷೆಗೆ ಅರ್ಹರು ಯಾರು ಎಂಬ ಸಾಲು ಹುಡುಕಿ

ಮರುಪರೀಕ್ಷೆಯ ಪ್ರಕಟಣೆಯಲ್ಲಿ ಈ ಒಂದು ಸಾಲು ಇದ್ದೇ ಇರುತ್ತದೆ. ಎರಡು ರೀತಿಯಲ್ಲಿ ಇರಬಹುದು.

ಯುಜಿಸಿ-ನೆಟ್‌ನಲ್ಲಿ ಅರ್ಜಿ ಹಾಕಿದ್ದ ಎಲ್ಲರಿಗೂ ಅವಕಾಶ ಸಿಕ್ಕಿತು. ಜೂನ್‌ನಲ್ಲಿ ಬರೆಯದೆ ಮನೆಯಲ್ಲೇ ಉಳಿದವರಿಗೂ. ಹೊಸ ಅರ್ಜಿ ಇಲ್ಲ, ಶುಲ್ಕವೂ ಇಲ್ಲ: ಸಾಮಾನ್ಯ ವರ್ಗದವರು ಕಟ್ಟಿದ್ದ 1,150 ರೂಪಾಯಿಯೇ ಎರಡಕ್ಕೂ ಸಂದಿತು. ಹಾಗಿದ್ದರೂ 11.21 ಲಕ್ಷ ನೋಂದಣಿಯಲ್ಲಿ ಮರುಪರೀಕ್ಷೆ ಬರೆದವರು 6.84 ಲಕ್ಷ ಮಾತ್ರ. ಜೂನ್‌ನಲ್ಲಿ ಬರೆದ 9 ಲಕ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಎರಡನೇ ಸಲ ಕಾಣಿಸಲಿಲ್ಲ. ಎಲ್ಲರಿಗೂ ಮನಸ್ಸಿಲ್ಲದೆ ಹೋಯಿತೆಂದಲ್ಲ. ಕೆಲಸಕ್ಕೆ ಸೇರಿದವರು, ದೂರದ ಕೇಂದ್ರ ಸಿಕ್ಕವರು, ಪ್ರಕಟಣೆಯನ್ನೇ ನೋಡದವರು ಇವರಲ್ಲಿರುತ್ತಾರೆ.

ಇನ್ನೊಂದು ರೀತಿ ನಮ್ಮ ರಾಜ್ಯದ 545 ಪಿಎಸ್‌ಐ ಹುದ್ದೆಗಳದು. ಅಲ್ಲಿ ಮರುಪರೀಕ್ಷೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ಬರೆದವರಿಗೆ ಮಾತ್ರ. ಅಂದು ಜ್ವರ ಬಂದು ಮಲಗಿದ್ದವರಿಗೆ ಬಾಗಿಲು ಮುಚ್ಚಿತು.

ವಯಸ್ಸು ಮೀರಿತು ಎಂದು ಹೆದರುವವರು ಮೂಲ ಅಧಿಸೂಚನೆ ತೆಗೆಯಿರಿ. ಮರುಪರೀಕ್ಷೆ ಹಳೆಯ ಅಧಿಸೂಚನೆಯ ಮುಂದುವರಿಕೆಯಾದ್ದರಿಂದ ವಯಸ್ಸಿನ ಲೆಕ್ಕ ಅದರಲ್ಲಿದ್ದ ದಿನಾಂಕಕ್ಕೇ ನಿಲ್ಲುತ್ತದೆ. 2024ರ ಜೂನ್ ನೆಟ್‌ನಲ್ಲಿ ಸಂಶೋಧನೆಯ ಶಿಷ್ಯವೇತನವಾದ ಜೆಆರ್‌ಎಫ್‌ಗೆ 2024ರ ಜೂನ್ 1ಕ್ಕೆ 30 ವರ್ಷ ಮೀರಿರಬಾರದು ಎಂದಿತ್ತು. ಜುಲೈನಲ್ಲಿ 30 ದಾಟಿದವರೂ ಆಗಸ್ಟಿನಲ್ಲಿ ನಿಶ್ಚಿಂತೆಯಿಂದ ಬರೆದರು. "ಹೊಸದಾಗಿ ಅಧಿಸೂಚನೆ ಹೊರಡಿಸಲಾಗುವುದು" ಎಂಬ ಮಾತು ಆದೇಶದಲ್ಲಿದ್ದರೆ ಮಾತ್ರ ಚಿಂತೆಗೆ ಕಾರಣವಿದೆ, ಯಾಕೆಂದರೆ ಆಗ ಲೆಕ್ಕವೆಲ್ಲ ಮೊದಲಿನಿಂದ.

## ಹಂತ 4: ದಿನಾಂಕವನ್ನು ನೀವೇ ಅಂದಾಜು ಮಾಡಿ

ರದ್ದತಿಯ ಆದೇಶದಲ್ಲಿ ಹೊಸ ದಿನಾಂಕ ಇರುವುದು ಅಪರೂಪ. "ಶೀಘ್ರದಲ್ಲೇ ತಿಳಿಸಲಾಗುವುದು" ಎಂದಿರುತ್ತದೆ. ಈ ಶೀಘ್ರ ಎಷ್ಟು ಉದ್ದ ಎಂಬುದನ್ನು ಹಿಂದಿನ ಲೆಕ್ಕದಿಂದ ತಿಳಿಯಬಹುದು.

ಮಂಡಳಿ ಪರೀಕ್ಷೆಯ ಒಂದು ವಿಷಯವಾದರೆ ಮೂರರಿಂದ ನಾಲ್ಕು ವಾರ. 2018ರಲ್ಲಿ ಸಿಬಿಎಸ್‌ಇ ಹನ್ನೆರಡನೇ ತರಗತಿಯ ಅರ್ಥಶಾಸ್ತ್ರ ಮಾರ್ಚ್ 26ರಿಂದ ಏಪ್ರಿಲ್ 25ಕ್ಕೆ ಹೋಯಿತು, ಸರಿಯಾಗಿ 30 ದಿನ. 2016ರ ಪಿಯುಸಿ ರಸಾಯನಶಾಸ್ತ್ರ ಮಾರ್ಚ್ 21ರಿಂದ ಏಪ್ರಿಲ್ 12ಕ್ಕೆ ಹೋಯಿತು, 22 ದಿನ. ಅದೂ ನಡುವೆ ಮಾರ್ಚ್ 31ಕ್ಕೆ ಇಟ್ಟಿದ್ದ ಮರುಪರೀಕ್ಷೆಯ ಪತ್ರಿಕೆಯೂ ಸೋರಿ, ಅಂದು ಬೆಳಿಗ್ಗೆ ಅದನ್ನೂ ರದ್ದುಮಾಡಿದ ಮೇಲೆ. ಮಂಡಳಿಗೆ ಆತುರ ಇದ್ದೇ ಇರುತ್ತದೆ, ಯಾಕೆಂದರೆ ಅದರ ಬೆನ್ನಿಗೇ ಸಿಇಟಿ, ಕಾಲೇಜು ಪ್ರವೇಶ ಎಲ್ಲ ಕಾದಿರುತ್ತವೆ.

ದೇಶಮಟ್ಟದ ಪರೀಕ್ಷೆಗೆ ಆರರಿಂದ ಹತ್ತು ವಾರ. ವೈದ್ಯಕೀಯ ಪ್ರವೇಶಕ್ಕೆ ನಡೆದ 2015ರ ಎಐಪಿಎಂಟಿಯನ್ನು ಸುಪ್ರೀಂ ಕೋರ್ಟ್ ಜೂನ್ 15ರಂದು ರದ್ದುಮಾಡಿ ನಾಲ್ಕು ವಾರದಲ್ಲಿ ನಡೆಸಿ ಎಂದಿತು. ನಡೆದದ್ದು ಜುಲೈ 25ಕ್ಕೆ, 40 ದಿನಕ್ಕೆ. ಕೋರ್ಟೇ ಗಡುವು ಕೊಟ್ಟರೂ ಹೊಸ ಪತ್ರಿಕೆ ಮಾಡಿ, ಮುದ್ರಿಸಿ, ಸಾಗಿಸಿ, ಬೇರೆ ಪರೀಕ್ಷೆಗೆ ಮೀಸಲಾಗದ ಶಾಲೆಗಳನ್ನು ಹುಡುಕುವಷ್ಟರಲ್ಲಿ ಅಷ್ಟಾಯಿತು.

ಯುಜಿಸಿ-ನೆಟ್‌ನಲ್ಲಿ ರದ್ದಾಗಿ ಒಂಬತ್ತು ದಿನಕ್ಕೆ, ಜೂನ್ 28ರ ರಾತ್ರಿ ಹೊಸ ದಿನಾಂಕ ಬಂತು: ಆಗಸ್ಟ್ 21ರಿಂದ ಸೆಪ್ಟೆಂಬರ್ 4. ಮೊದಲ ಪರೀಕ್ಷೆಯಿಂದ 64 ದಿನ ದೂರ. ಒಂದೇ ದಿನದ ಪರೀಕ್ಷೆ ಎರಡು ವಾರಕ್ಕೆ ಹಿಗ್ಗಿದ್ದು ಯಾಕೆ ಎಂದರೆ, ಓಎಂಆರ್ ಬಿಟ್ಟು ಕಂಪ್ಯೂಟರಿಗೆ ಹೋದರು. ಒಂದೇ ದಿನ ಲಕ್ಷಗಟ್ಟಲೆ ಜನರನ್ನು ಕೂರಿಸುವಷ್ಟು ಕಂಪ್ಯೂಟರ್ ಕೇಂದ್ರಗಳು ಇಲ್ಲವಾದ್ದರಿಂದ ವಿಷಯವಾರು ಹಂಚಬೇಕಾಯಿತು. ಯಾವ ವಿಷಯ ಯಾವ ದಿನ ಎಂಬ ಪಟ್ಟಿ ಬಂದದ್ದು ಆಗಸ್ಟ್ 2ಕ್ಕೆ. ಅಂದರೆ ದಿನಾಂಕ ಎರಡು ಕಂತಿನಲ್ಲಿ ಬರುತ್ತದೆ, ಮೊದಲು ಅವಧಿ, ಆಮೇಲೆ ನಿಮ್ಮ ದಿನ. ಮೊದಲ ಕಂತು ನೋಡಿ ಬಸ್ಸು ಬುಕ್ ಮಾಡಬೇಡಿ. ಎರಡನೆಯದೂ ಅಲುಗಬಹುದು: ಕೃಷ್ಣ ಜನ್ಮಾಷ್ಟಮಿ ಎಂದು ಆಗಸ್ಟ್ 26ರ ಪರೀಕ್ಷೆಯನ್ನು 27ಕ್ಕೆ ಸರಿಸಿದರು.

ಫಲಿತಾಂಶವೂ ಬಂದ ಮೇಲೆ ರದ್ದಾಗುವ ನೇಮಕಾತಿ ಪರೀಕ್ಷೆಗಳಿಗೆ ಈ ಲೆಕ್ಕ ನಡೆಯದು. ಪಿಎಸ್‌ಐ ಪರೀಕ್ಷೆ ರದ್ದಾದದ್ದು 2022ರ ಏಪ್ರಿಲ್ 29. ತಾತ್ಕಾಲಿಕ ಪಟ್ಟಿಯಲ್ಲಿ ಹೆಸರಿದ್ದವರು ಹೈಕೋರ್ಟಿಗೆ ಹೋದರು, ಕೋರ್ಟ್ ರದ್ದತಿಯನ್ನು ಎತ್ತಿಹಿಡಿದದ್ದು 2023ರ ನವೆಂಬರ್ 10. ಕೆಇಎ ಮರುಪರೀಕ್ಷೆ ನಡೆಸಿದ್ದು 2024ರ ಜನವರಿ 23. ಒಂದು ಮುಕ್ಕಾಲು ವರ್ಷ. ಇಂಥದ್ದರಲ್ಲಿ ಸಿಕ್ಕಿಕೊಂಡರೆ ಮರುಪರೀಕ್ಷೆಯ ದಿನವನ್ನಲ್ಲ, ಹೈಕೋರ್ಟಿನಲ್ಲಿರುವ ಅರ್ಜಿಯ ವಿಚಾರಣೆಯ ದಿನವನ್ನು ಗಮನಿಸುತ್ತಿರಿ.

"ಕೋರ್ಟು ರದ್ದತಿಯನ್ನೇ ತೆಗೆದುಹಾಕಿದರೆ?" ಎಂದು ಕಾಯುವವರಿಗೆ ನೆಟ್ ಪ್ರಕರಣ ಒಳ್ಳೆಯ ಉತ್ತರ. ಸೋರಿಕೆಯ ಸಾಕ್ಷಿ ಎಂದು ಓಡಾಡಿದ ಚಿತ್ರವೇ ತಿದ್ದಿದ್ದು ಎಂದು ಸಿಬಿಐ ತನಿಖೆಯಲ್ಲಿ ಕಂಡಿತು. ಹಾಗಾದರೆ ಹಳೆಯ ಪರೀಕ್ಷೆಯನ್ನೇ ಉಳಿಸಿ ಎಂದು ಅಭ್ಯರ್ಥಿಗಳು ಕೇಳಿದರು. 2024ರ ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮರುಪರೀಕ್ಷೆಗೆ ಒಂಬತ್ತು ದಿನ ಉಳಿದಿರುವಾಗ ಕೈಹಾಕಿದರೆ ಲಕ್ಷಾಂತರ ಮಂದಿಗೆ ಇನ್ನಷ್ಟು ಗೊಂದಲ ಎಂಬುದು ಅದರ ನೋಟ. ಹೊಸ ದಿನಾಂಕ ಒಮ್ಮೆ ಘೋಷಣೆಯಾದರೆ ಅದಕ್ಕೇ ತಯಾರಾಗಿ.

## ಹಂತ 5: ಊರು, ಪ್ರವೇಶ ಪತ್ರ, ದಾರಿ

ಹೆಚ್ಚು ಜನ ಎಡವುವುದು ಇಲ್ಲೇ. ಓಎಂಆರ್ ಪರೀಕ್ಷೆಗೆ ಬೆಂಚು, ಮೇಜು ಇರುವ ಯಾವ ಕಾಲೇಜಾದರೂ ಸಾಕು. ಕಂಪ್ಯೂಟರ್ ಪರೀಕ್ಷೆಗೆ ಲ್ಯಾಬ್ ಬೇಕು. ಹಾಗಾಗಿ ಪರೀಕ್ಷೆಯ ವಿಧಾನ ಬದಲಾದರೆ ನಿಮ್ಮ ಊರೂ ಬದಲಾಗಬಹುದು ಎಂದೇ ಎಣಿಸಿ.

ಹಾಸನದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರದಲ್ಲಿ ಎಂ.ಎ. ಮುಗಿಸಿದ, ಸಕಲೇಶಪುರದ ಕಡೆಯ ಒಬ್ಬ ಅಭ್ಯರ್ಥಿಯನ್ನು ಊಹಿಸಿಕೊಳ್ಳಿ. ಮೊದಲ ಸಲ ಹತ್ತಿರದಲ್ಲೇ ಕೇಂದ್ರ ಸಿಕ್ಕಿತ್ತು. ಮರುಪರೀಕ್ಷೆಗೆ ಮಂಗಳೂರು ಬಂತು, ಬೆಳಗಿನ ಪಾಳಿ 9 ಗಂಟೆಗೆ. ತಿಂಗಳು ಆಗಸ್ಟ್. ಆ ವರ್ಷ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ನಿಂತಿತ್ತು. ಶಿರಾಡಿಯಲ್ಲಿ ದೊಡ್ಡತಪ್ಪಲೆಯ ಹತ್ತಿರ ಗುಡ್ಡ ರಸ್ತೆಗೆ ಬಂದು ವಾಹನಗಳನ್ನು ತಡೆದಿದ್ದರು. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿಯುವ ಲೆಕ್ಕ ಮಳೆಗಾಲದಲ್ಲಿ ನಡೆಯುವುದಿಲ್ಲ. ಹಿಂದಿನ ದಿನ ಹಗಲಲ್ಲೇ ಘಾಟಿ ಇಳಿಯಬೇಕು. ಶಿರಾಡಿ ಮುಚ್ಚಿದ್ದರೆ ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಹಿಡಿಯಬಹುದು, ಅದಕ್ಕೂ ಎರಡು ತಾಸು ಹೆಚ್ಚು ಇಟ್ಟುಕೊಳ್ಳಿ. ಚಿಕ್ಕಮಗಳೂರಿನವರಿಗೆ ಚಾರ್ಮಾಡಿಯೇ ನೇರ ದಾರಿ, ಅದು ಮುಚ್ಚಿದರೆ ಸುತ್ತು ಇನ್ನೂ ದೊಡ್ಡದು.

ಕೇಂದ್ರದ ಮಾಹಿತಿ ಎರಡು ಹಾಳೆಯಲ್ಲಿ ಬರುತ್ತದೆ. ಮೊದಲು ಪರೀಕ್ಷಾ ನಗರದ ಚೀಟಿ, ಪರೀಕ್ಷೆಗೆ ಸುಮಾರು ಹತ್ತು ದಿನ ಮುಂಚೆ. ಇದರಲ್ಲಿ ಊರಿನ ಹೆಸರು ಮಾತ್ರ. ಆಮೇಲೆ ಪ್ರವೇಶ ಪತ್ರ, ಮೂರು ನಾಲ್ಕು ದಿನ ಇರುವಾಗ. ಇದರಲ್ಲಿ ಕೇಂದ್ರದ ವಿಳಾಸ, ಪಾಳಿ, ಗೇಟು ಮುಚ್ಚುವ ಸಮಯ ಇರುತ್ತದೆ. ನಗರದ ಚೀಟಿಯನ್ನೇ ಪ್ರಿಂಟ್ ಹಾಕಿಸಿ ಕೇಂದ್ರಕ್ಕೆ ತರುವವರಿದ್ದಾರೆ, ಅದನ್ನು ತೋರಿಸಿದರೆ ಒಳಗೆ ಬಿಡುವುದಿಲ್ಲ. ಪ್ರಯಾಣ ಮತ್ತು ತಂಗುವ ವ್ಯವಸ್ಥೆಯನ್ನು ಮಾತ್ರ ನಗರದ ಚೀಟಿ ಸಿಕ್ಕ ದಿನವೇ ಮಾಡಿಕೊಳ್ಳಿ.

ಹೊಸ ಪ್ರವೇಶ ಪತ್ರ ಕೈಗೆ ಬಂದಾಗ ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಹೆಸರು, ಜನ್ಮದಿನಾಂಕ, ವಿಷಯ, ಮೀಸಲಾತಿ ವರ್ಗ ಒಂದೇ ಇರಬೇಕು. ರೋಲ್ ನಂಬರ್, ಕೇಂದ್ರ, ದಿನ, ಪಾಳಿ ಬದಲಾಗಿದ್ದರೆ ಗಾಬರಿ ಬೇಡ. ಅರ್ಜಿ ಸಂಖ್ಯೆ ಬದಲಾಗಿದ್ದರೆ ಮಾತ್ರ ಬೇರೆಯವರ ಪತ್ರ ಇಳಿಸಿದ್ದೀರಿ ಎಂದರ್ಥ. ಸ್ವಯಂ ಘೋಷಣೆಯ ಪುಟ ಇದ್ದರೆ ಅದಕ್ಕೂ ಫೋಟೋ ಅಂಟಿಸಿ, ಸಹಿ ಎಲ್ಲಿ ಮಾಡಬೇಕು, ಯಾವುದನ್ನು ಮೇಲ್ವಿಚಾರಕರ ಎದುರಿಗೇ ಮಾಡಬೇಕು ಎಂದು ಓದಿಕೊಳ್ಳಿ.

ಎಚ್ಚರಿಕೆ: ಮರುಪರೀಕ್ಷೆಯ ಹಿಂದಿನ ವಾರ "ಈ ಸಲದ ಪೇಪರೂ ಬಂದಿದೆ" ಎನ್ನುವ ಟೆಲಿಗ್ರಾಂ ಗುಂಪುಗಳು ಹುಟ್ಟಿಕೊಳ್ಳುತ್ತವೆ. ಮುಂಗಡ ಕೇಳುವುದು, ಮೊದಲ ಪುಟ ಮಾತ್ರ ತೋರಿಸುವುದು, ಪರೀಕ್ಷೆ ಮುಗಿದ ಮೇಲೆ ಹಳೆಯ ಸಂದೇಶವನ್ನು ತಿದ್ದಿ "ಮೊದಲೇ ಹಾಕಿದ್ದೆವು" ಎನ್ನುವುದು ಅವರ ಪದ್ಧತಿ. ಕೊಂಡರೆ ದುಡ್ಡು ಹೋಗುತ್ತದೆ, ಹಂಚಿದರೆ ಕೇಸು ಬೀಳುತ್ತದೆ. 2024ರ ಜೂನ್ 21ರಿಂದ ಜಾರಿಯಲ್ಲಿರುವ ಕೇಂದ್ರದ ಕಾಯ್ದೆಯಲ್ಲಿ ಪತ್ರಿಕೆ ಸೋರಿಸುವವರಿಗೆ ಮೂರರಿಂದ ಐದು ವರ್ಷ, ಸಂಘಟಿತವಾಗಿ ಮಾಡಿದರೆ ಐದರಿಂದ ಹತ್ತು ವರ್ಷ ಸೆರೆಯಿದೆ.

## ಹಂತ 6: ಕೀ ಉತ್ತರದಿಂದ ಫಲಿತಾಂಶದವರೆಗೆ

ಮರುಪರೀಕ್ಷೆಯ ನಂತರದ ಕ್ರಮ ಸಾಮಾನ್ಯ ಪರೀಕ್ಷೆಯದೇ: ತಾತ್ಕಾಲಿಕ ಕೀ ಉತ್ತರ, ಆಕ್ಷೇಪಣೆ, ಅಂತಿಮ ಕೀ ಉತ್ತರ, ಫಲಿತಾಂಶ. ಆದರೆ ಆಕ್ಷೇಪಣೆಗೆ ಸಿಗುವುದು ಎರಡು ಮೂರು ದಿನ. ನೆಟ್‌ನಲ್ಲಿ ಪರೀಕ್ಷೆಯೇ ಎರಡು ವಾರ ಹಬ್ಬಿದ್ದರಿಂದ ಕೀ ಉತ್ತರವೂ ಕಂತಿನಲ್ಲಿ ಬಂತು. ಮೊದಲ ದಿನಗಳ ವಿಷಯಗಳದು ಮೊದಲು, ಉಳಿದವು ಕೆಲವು ದಿನ ಬಿಟ್ಟು. ಗೆಳೆಯರ ವಿಷಯದ್ದು ಬಂದು ನಿಮ್ಮದು ಬಂದಿಲ್ಲವೆಂದರೆ ತಪ್ಪೇನೂ ಆಗಿಲ್ಲ. ಗೆಳೆಯರದು ಮುಗಿಯಿತೆಂದು ನಿಮ್ಮದನ್ನು ನೋಡುವುದನ್ನು ಬಿಟ್ಟರೆ ಮಾತ್ರ ತಪ್ಪು.

ಒಂದು ಪ್ರಶ್ನೆಗೆ ಆಕ್ಷೇಪಣೆಯ ಶುಲ್ಕ 200 ರೂಪಾಯಿ. ಮೊದಲು ನಿಮ್ಮ ಉತ್ತರಗಳ ಹಾಳೆ ಇಳಿಸಿಕೊಳ್ಳಿ. ಅದರಲ್ಲಿ ಪ್ರಶ್ನೆಗೂ ಆಯ್ಕೆಗಳಿಗೂ ಐಡಿ ಸಂಖ್ಯೆ ಇರುತ್ತದೆ, ಪರದೆಯ ಮೇಲೆ ಕಂಡ 1, 2, 3, 4ರ ಕ್ರಮಕ್ಕೂ ಅದಕ್ಕೂ ಸಂಬಂಧವಿಲ್ಲ. "ನಾನು ಒತ್ತಿದ್ದು 3, ಕೀ ಉತ್ತರದಲ್ಲಿ ಬೇರೆ ಇದೆ" ಎಂದು ದುಡ್ಡು ಕಟ್ಟುವ ಮುನ್ನ ಐಡಿ ಹೊಂದಿಸಿ ನೋಡಿ. ನಿಮ್ಮ ವಾದಕ್ಕೆ ಆಧಾರವಾದ ಪುಸ್ತಕದ ಪುಟವನ್ನೂ ಸೇರಿಸಿ.

ನೆಟ್ ಮರುಪರೀಕ್ಷೆ ಮುಗಿದದ್ದು ಸೆಪ್ಟೆಂಬರ್ 4, ಫಲಿತಾಂಶ ಬಂದದ್ದು ಅಕ್ಟೋಬರ್ 17, 43 ದಿನಕ್ಕೆ. ಜೂನ್ 18ರಿಂದ ಎಣಿಸಿದರೆ 121 ದಿನ. ಎಐಪಿಎಂಟಿಯಲ್ಲಿ ಜುಲೈ 25ರ ಪರೀಕ್ಷೆಗೆ ಆಗಸ್ಟ್ 17ಕ್ಕೇ ಫಲಿತಾಂಶ ಬಂದಿತ್ತು, 23 ದಿನಕ್ಕೆ. ಅಲ್ಲಿ ಒಂದೇ ದಿನ, ಒಂದೇ ಪರೀಕ್ಷೆ, ಮುಂದೆ ವೈದ್ಯಕೀಯ ಪ್ರವೇಶದ ಗಡುವು. ಪಿಯುಸಿ 2016ರಲ್ಲಿ ಏಪ್ರಿಲ್ 12ರ ಮರುಪರೀಕ್ಷೆಗೆ ಮೇ 25ಕ್ಕೆ ಫಲಿತಾಂಶ. ಅದಕ್ಕೆ ಸೋರಿಕೆಯೊಂದೇ ಕಾರಣವಲ್ಲ, ಉಪನ್ಯಾಸಕರು ಮೌಲ್ಯಮಾಪನ ಬಹಿಷ್ಕರಿಸಿದ್ದೂ ಸೇರಿತ್ತು.

ಅಂಕ ನೋಡುವಾಗ ಒಂದು ಮಾತು. ಒಂದೇ ವಿಷಯದ ಪರೀಕ್ಷೆ ಒಂದಕ್ಕಿಂತ ಹೆಚ್ಚು ಪಾಳಿಯಲ್ಲಿ ನಡೆದರೆ ಬರಿಯ ಅಂಕ ಹೋಲಿಸಿ ಪ್ರಯೋಜನವಿಲ್ಲ, ಪರ್ಸೆಂಟೈಲ್ ನೋಡಬೇಕು. ಕಷ್ಟದ ಪಾಳಿಯಲ್ಲಿ 170 ತೆಗೆದವರು ಸುಲಭದ ಪಾಳಿಯ 180ಕ್ಕಿಂತ ಮೇಲಿರಬಹುದು.

## ಹಂತ 7: ಕಾಯುವಾಗ ಬೇರೆ ಗಡುವು ತಪ್ಪಿಸಿಕೊಳ್ಳಬೇಡಿ

ಪರೀಕ್ಷೆಯೊಂದು ನಾಲ್ಕು ತಿಂಗಳು ಜಾರಿದರೂ ಉಳಿದ ಗಡಿಯಾರಗಳು ನಿಲ್ಲುವುದಿಲ್ಲ. ನಮ್ಮ ಸಕಲೇಶಪುರದ ಅಭ್ಯರ್ಥಿಯ ಮುಂದೆ 2024ರ ಜುಲೈನಲ್ಲಿ ಮೂರು ಕೆಲಸಗಳಿದ್ದವು.

ಮೊದಲನೆಯದು ಕೆಸೆಟ್, ಅಂದರೆ ರಾಜ್ಯಮಟ್ಟದ ಅಧ್ಯಾಪಕ ಅರ್ಹತಾ ಪರೀಕ್ಷೆ. ನೆಟ್ ತಡವಾಗಿದ್ದಾಗ ಕೆಇಎ ಕೆಸೆಟ್‌ಗೆ ಅರ್ಜಿ ಕರೆದಿತ್ತು, ಪರೀಕ್ಷೆ ನವೆಂಬರ್ 24ಕ್ಕೆ ನಡೆಯಿತು. "ನೆಟ್ ಫಲಿತಾಂಶ ಬರಲಿ, ಆಮೇಲೆ ನೋಡೋಣ" ಎಂದವರಿಗೆ ಅಕ್ಟೋಬರ್ 17ರ ಹೊತ್ತಿಗೆ ಕೆಸೆಟ್ ಅರ್ಜಿಯ ಬಾಗಿಲು ಮುಚ್ಚಿತ್ತು. ರಾಜ್ಯದೊಳಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ, ಅತಿಥಿ ಉಪನ್ಯಾಸಕರ ಆಯ್ಕೆಗೆ ಕೆಸೆಟ್ ಸಾಕಾಗುವಾಗ ಇದು ದುಬಾರಿ ಕಾಯುವಿಕೆ. ಒಂದು ಪರೀಕ್ಷೆ ರದ್ದಾದ ವಾರದಲ್ಲೇ ಅದರ ಬದಲಿಗೆ ನಡೆಯುವ ಇನ್ನೊಂದಕ್ಕೆ ಅರ್ಜಿ ಹಾಕಿಬಿಡಿ.

ಎರಡನೆಯದು ಪಿಎಚ್.ಡಿ. ಪ್ರವೇಶ. ನೆಟ್ ಅಂಕದ ಮೇಲೆ ಸೀಟು ಕೊಡುವ ವಿಶ್ವವಿದ್ಯಾಲಯಗಳಿಗೆ "ಫಲಿತಾಂಶ ನಿರೀಕ್ಷೆಯಲ್ಲಿದೆ" ಎಂದು ಅರ್ಜಿ ಹಾಕಬಹುದೇ ಎಂಬುದನ್ನು ಅವರ ಪ್ರಕಟಣೆಯಲ್ಲಿ ನೋಡಿ, ಇಲ್ಲದಿದ್ದರೆ ಕುಲಸಚಿವರ ಕಚೇರಿಗೆ ಬರಹದಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಜೆಆರ್‌ಎಫ್ ಸಿಗದೆ ಪಿಎಚ್.ಡಿ. ಪ್ರವೇಶಕ್ಕಷ್ಟೇ ಅರ್ಹರಾದವರ ಅಂಕ ಫಲಿತಾಂಶದಿಂದ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಫಲಿತಾಂಶ ತಡವಾದರೆ ಆ ವರ್ಷವೂ ತಡವಾಗಿಯೇ ಶುರು, ಇಷ್ಟರಮಟ್ಟಿಗೆ ನಷ್ಟವಿಲ್ಲ.

ಮೂರನೆಯದು ಪ್ರಮಾಣಪತ್ರ. ಕೇಂದ್ರದ ಒಬಿಸಿ ಕೆನೆಪದರ ರಹಿತ ಪ್ರಮಾಣಪತ್ರ ಮತ್ತು ಇಡಬ್ಲ್ಯೂಎಸ್ ಪ್ರಮಾಣಪತ್ರ ಆರ್ಥಿಕ ವರ್ಷದ ಲೆಕ್ಕದವು. ಮರುಪರೀಕ್ಷೆ ಮಾರ್ಚ್ 31 ದಾಟಿ ಹೋದರೆ ಯಾವ ವರ್ಷದ್ದು ಬೇಕು ಎಂದು ಪ್ರಕಟಣೆಯಲ್ಲಿ ನೋಡಿ. ಗೊಂದಲವಿದ್ದರೆ ಹಳೆಯದನ್ನು ಇಟ್ಟುಕೊಂಡೇ ನಾಡಕಚೇರಿಯಲ್ಲಿ ಹೊಸದಕ್ಕೂ ಅರ್ಜಿ ಕೊಡಿ. ದಾಖಲೆ ಪರಿಶೀಲನೆಯ ದಿನ ಎರಡೂ ಕೈಯಲ್ಲಿದ್ದರೆ ವಾಪಸ್ ಕಳಿಸಲು ಕಾರಣ ಉಳಿಯುವುದಿಲ್ಲ.

ಇಷ್ಟಾದ ಮೇಲೂ ಮುಂದಿನ ಸುತ್ತು ಜಾರುತ್ತದೆ. 2024ರ ಡಿಸೆಂಬರ್ ನೆಟ್‌ನ ಅಧಿಸೂಚನೆ ನವೆಂಬರ್ 19ಕ್ಕೆ ಬಂತು, ಪರೀಕ್ಷೆ 2025ರ ಜನವರಿಯಲ್ಲಿ ನಡೆಯಿತು. ಅಕ್ಟೋಬರ್ 17ರ ಫಲಿತಾಂಶದಲ್ಲಿ ಹೆಸರಿಲ್ಲದವರಿಗೆ ಹೊಸ ಅರ್ಜಿಗೆ ಸಿಕ್ಕ ಅಂತರ ಒಂದು ತಿಂಗಳು. ಆ ಅರ್ಜಿ ಮಾತ್ರ ನಿಜಕ್ಕೂ ಹೊಸದು: ಶುಲ್ಕ ಮತ್ತೆ ಕಟ್ಟಬೇಕು, ಜೆಆರ್‌ಎಫ್ ವಯಸ್ಸಿನ ಲೆಕ್ಕವೂ ಹೊಸ ದಿನಾಂಕಕ್ಕೆ.